ದಿನವೂ ಹಾಕುವ ಬೆಳ್ಳಿ ಕಾಲುಚೈನು, ಕಾಲುಂಗುರ: ಮುದ್ರೆ, ಬೆಸುಗೆ, ಲೆಕ್ಕ

ಕಾಲುಚೈನು ಬೆಳ್ಳಿ ಸವೆದು ಹಾಳಾಗುವುದು ಕಡಿಮೆ. ಹೆಚ್ಚಿನವು ಹಾಳಾಗುವುದು ಕೊಂಡಿ ಬಿಟ್ಟು, ಬೆಸುಗೆ ಬಿಟ್ಟು, ಇಲ್ಲವೇ ಗೆಜ್ಜೆ ಒಂದೊಂದಾಗಿ ಉದುರಿ. ಕಾಲುಂಗುರ ಹಾಳಾಗುವುದು ಅಡಿಭಾಗ ತೆಳುವಾಗಿ ಮುರಿದು. ಅಂಗಡಿಯಲ್ಲಿ ಮಾತ್ರ ನಾವು ನೋಡುವುದು ಮೇಲ್ಭಾಗದ ಕುಸುರಿ, ಹೊಳಪು ಮತ್ತು ತೂಕ. ಮಲೆನಾಡಿನಲ್ಲಿ ಈ ಮೂರನ್ನೇ ನಂಬಿ ತಂದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆಚಾರ್ರ ಅಂಗಡಿಗೆ ರಿಪೇರಿಗೆ ಹೋಗಬೇಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಲು ಒಣಗುವುದೇ ಇಲ್ಲ. ತೋಟ, ಗದ್ದೆ, ಕೊಟ್ಟಿಗೆ ಅಂತ ಓಡಾಡುವವರ ಕಾಲಿಗೆ ಜಂಬಿಟ್ಟಿಗೆ ಮಣ್ಣಿನ ಹರಳು ಮೆತ್ತಿಕೊಂಡಿರುತ್ತದೆ. ಆ ಹರಳು ಬೆಳ್ಳಿಗಿಂತ ಗಟ್ಟಿ. ಸರಪಳಿಯ ಕೊಂಡಿಗಳ ನಡುವೆ ಕೂತು, ಪ್ರತಿ ಹೆಜ್ಜೆಗೂ ಅರದ ಕೆಲಸ ಮಾಡುತ್ತದೆ.

ಹಾಗಾಗಿ ಇಲ್ಲಿ ಹೇಳುವುದು ಮದುವೆಗೆ, ಹಬ್ಬಕ್ಕೆ ಹಾಕಿ ಬಿಚ್ಚಿಡುವ ಭಾರದ ಗೆಜ್ಜೆಯ ವಿಷಯವಲ್ಲ. ಕಾಲಿಗೆ ಹಾಕಿದ ಮೇಲೆ ಬಿಚ್ಚದೇ ಇರುವ ಒಂದು ಜೊತೆ ಕಾಲುಚೈನು, ಒಂದು ಜೊತೆ ಕಾಲುಂಗುರ ಕೊಳ್ಳುವ ವಿಷಯ.

ಮುದ್ರೆಯನ್ನು ಓದುವುದು

ಅಪ್ಪಟ ಬೆಳ್ಳಿ ಮೆತ್ತಗಿರುತ್ತದೆ. ಅದರಲ್ಲಿ ಕಾಲುಂಗುರ ಮಾಡಿದರೆ ನಡೆದಾಡುವಾಗಲೇ ಅಂಡಾಕಾರವಾಗುತ್ತದೆ. ಗಟ್ಟಿ ಬರಲೆಂದು ತಾಮ್ರ ಬೆರೆಸುತ್ತಾರೆ. ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ ಇದ್ದರೆ ಅದು 925. ಅಂಗಡಿಯ ಮಾತಿನಲ್ಲಿ ತೊಂಬತ್ತೆರಡೂವರೆ ಟಚ್. ದಿನಬಳಕೆಯ ಕಾಲಿನ ಒಡವೆಗೆ ಇದು ಸರಿಯಾದ ಹದ. ಭಾರತೀಯ ಮಾನಕ ಐಎಸ್ 2112 ರಲ್ಲಿ 800, 835, 925, 970, 990 ಮೊದಲಾದ ದರ್ಜೆಗಳಿವೆ. 800 ಮತ್ತು 835 ಗಟ್ಟಿಯೇ, ಆದರೆ ತಾಮ್ರ ಹೆಚ್ಚಿರುವುದರಿಂದ ಬೆವರು, ನೀರು ತಾಗಿದಾಗ ಬೇಗ ಮಂಕಾಗುತ್ತವೆ, ಕೆಲವರ ಚರ್ಮದ ಮೇಲೆ ಹಸಿರು ಕಲೆ ಬಿಡುತ್ತವೆ. 990 ಎಂದು ಕಾಲುಂಗುರ ತೋರಿಸಿದರೆ ದಿನಬಳಕೆಗೆ ಬೇಡ. ಅದು ನಾಣ್ಯಕ್ಕೆ, ಪೂಜೆ ಸಾಮಾನಿಗೆ ಚೆಂದ.

ಈಗ ಮುಖ್ಯ ಮಾತು. ಕೊಂಡಿಯ ಮೇಲೆ ಬರೀ "925" ಎಂದು ಒತ್ತಿದ್ದರೆ ಅದು ಹಾಲ್‌ಮಾರ್ಕ್ ಅಲ್ಲ, ಮಾಡಿದವನ ಹೇಳಿಕೆ ಮಾತ್ರ. ಚಿನ್ನಕ್ಕೆ ಹಾಲ್‌ಮಾರ್ಕ್ ಕಡ್ಡಾಯ, ಬೆಳ್ಳಿಗೆ ಇನ್ನೂ ಐಚ್ಛಿಕ. ಆದ್ದರಿಂದ ಹಾಲ್‌ಮಾರ್ಕ್ ಇಲ್ಲದ ಬೆಳ್ಳಿ ಮಾರುವುದು ತಪ್ಪೇನಲ್ಲ, ಆದರೆ ಆ ಅಂಕಿಗೆ ಜವಾಬ್ದಾರಿ ಹೊರುವವರು ಯಾರೂ ಇಲ್ಲ. 2025ರ ಸೆಪ್ಟೆಂಬರ್ 1 ರಿಂದ ಬೆಳ್ಳಿಯ ಹಾಲ್‌ಮಾರ್ಕಿಗೂ ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಬೇರೆ ಬೇರೆಯಾದ ಗುರುತಿನ ಸಂಖ್ಯೆ ಬಂದಿದೆ. ಹೊಸ ಮುದ್ರೆಯಲ್ಲಿ ಮೂರು ಸಂಗತಿ ಇರಬೇಕು: ಇಂಗ್ಲಿಷಿನ ಸಿಲ್ವರ್ ಎಂಬ ಪದದ ಜೊತೆ ಭಾರತೀಯ ಮಾನಕ ಬ್ಯೂರೋದ, ಅಂದರೆ ಬಿಐಎಸ್‌ನ ಚಿಹ್ನೆ, ದರ್ಜೆಯ ಅಂಕಿ, ಅಕ್ಷರ ಮತ್ತು ಅಂಕಿ ಬೆರೆತ ಆರು ಸ್ಥಾನದ ಎಚ್‌ಯುಐಡಿ.

ಅಂಗಡಿಯಲ್ಲಿ ನಿಂತೇ ಇದನ್ನು ನೋಡಬಹುದು. ಮೊಬೈಲಿನಲ್ಲಿ BIS Care ಆ್ಯಪ್ ತೆರೆದು, Verify HUID ಎಂಬಲ್ಲಿ ಆ ಆರು ಸ್ಥಾನಗಳನ್ನು ಹಾಕಿ. ಮುದ್ರೆ ಬರಿಗಣ್ಣಿಗೆ ಕಾಣುವುದಿಲ್ಲ, ಅಂಗಡಿಯವರ ಹತ್ತು ಪಟ್ಟಿನ ಮಸೂರ ಕೇಳಿ ತೆಗೆದುಕೊಳ್ಳಿ. ಇಂಗ್ಲಿಷಿನ "ಓ" ಅಕ್ಷರವನ್ನೂ ಸೊನ್ನೆಯನ್ನೂ ಅದಲುಬದಲು ಮಾಡಿ ಹಾಕಿ "ಸಿಗುತ್ತಿಲ್ಲ" ಎನ್ನುವವರು ಬಹಳ. ಸಂಖ್ಯೆ ಸಿಕ್ಕಿದರೆ ಅಷ್ಟಕ್ಕೇ ಬಿಡಬೇಡಿ, ಪರದೆಯ ಮೇಲೆ ಬರುವ ಶುದ್ಧತೆಯೂ ಒಡವೆಯ ಬಗೆಯೂ ಕೈಯಲ್ಲಿರುವುದಕ್ಕೆ ಹೊಂದುತ್ತದೆಯೇ ನೋಡಿ. ಕೈಯಲ್ಲಿ ಕಾಲುಚೈನು ಇದ್ದು ಪರದೆಯಲ್ಲಿ ಉಂಗುರ ಎಂದು ಬಂದರೆ ಆ ಸಂಖ್ಯೆ ಬೇರೆ ಯಾವುದರದೋ. ಹಾಲ್‌ಮಾರ್ಕ್ ಇದ್ದೂ ಶುದ್ಧತೆ ಕಡಿಮೆ ಬಂದರೆ, ತೂಕಕ್ಕೆ ತಕ್ಕಂತೆ ಕೊರತೆಯ ಎರಡು ಪಟ್ಟು ಮೊತ್ತ ಮತ್ತು ಪರೀಕ್ಷೆಯ ಖರ್ಚನ್ನು ಮಾರಿದವರು ಕೊಡಬೇಕು ಎಂದು 2018ರ ಬಿಐಎಸ್ ನಿಯಮಗಳು ಹೇಳುತ್ತವೆ. ಅದಕ್ಕೆ ಬಿಲ್ ಬೇಕು.

ಯಂತ್ರ ತೋರಿಸುವ ಅಂಕಿಯನ್ನು ಎಷ್ಟು ನಂಬಬೇಕು

ಗಾಂಧಿ ಬಜಾರಿನಂಥ ಕಡೆ ಈಗ ಕೆಲವು ಅಂಗಡಿಗಳಲ್ಲಿ ಎಕ್ಸ್‌ಆರ್‌ಎಫ್ ಯಂತ್ರ ಸಿಗುತ್ತದೆ. ಒಡವೆ ಒಳಗಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಬೆಳ್ಳಿ ಎಷ್ಟು, ತಾಮ್ರ ಎಷ್ಟು, ಸತು ಎಷ್ಟು ಎಂದು ಪಟ್ಟಿ ಬರುತ್ತದೆ. ಉಪಯೋಗದ ಯಂತ್ರವೇ. ಆದರೆ ಅದು ನೋಡುವುದು ಮೇಲಿನ ತೆಳು ಪದರವನ್ನು ಮಾತ್ರ.

ಇಲ್ಲೊಂದು ಸಂಗತಿ ತಿಳಿದಿರಬೇಕು. ಬೆಳ್ಳಿ ಕೆಲಸ ಮುಗಿದ ಮೇಲೆ ಅದನ್ನು ಕಾಯಿಸಿ ಆಮ್ಲದ ನೀರಿಗೆ ಹಾಕಿ ಬೆಳ್ಳಗೆ ಮಾಡುತ್ತಾರೆ. ಆಗ ಮೇಲ್ಮೈಯ ತಾಮ್ರ ಕರಗಿ ಹೋಗುತ್ತದೆ, ಬೆಳ್ಳಿ ಉಳಿಯುತ್ತದೆ. ಇದನ್ನು ಎರಡು ಮೂರು ಸಲ ಮಾಡಿದರೆ ಒಳಗೆ 70 ಟಚ್ ಇರುವ ಸಾಮಾನಿನ ಮೈಮೇಲೆ ಹೆಚ್ಚುಕಡಿಮೆ ಅಪ್ಪಟ ಬೆಳ್ಳಿಯ ಪೊರೆ ನಿಲ್ಲುತ್ತದೆ. ಇದೇನು ಮೋಸಕ್ಕೆಂದೇ ಮಾಡುವುದಲ್ಲ, ಕೆಲಸದ ರೂಢಿಯ ಹಂತ. ಆದರೂ ಒರೆಗಲ್ಲಿಗೆ ಮೆತ್ತಗೆ ಉಜ್ಜಿದರೂ, ಯಂತ್ರದಲ್ಲಿಟ್ಟರೂ ಅಂಕಿ ಹೆಚ್ಚು ಬರುತ್ತದೆ. ಮೇಲೆ ಬೆಳ್ಳಿಯ ಲೇಪ ಕೊಟ್ಟಿದ್ದರಂತೂ ಕೇಳುವುದೇ ಬೇಡ. ಆದ್ದರಿಂದ ಒಳಗಡೆ ಕಾಣದ ಜಾಗದಲ್ಲಿ ಅರದಿಂದ ಎರಡೆಳೆ ಉಜ್ಜಿಸಿ, ಆ ಜಾಗವನ್ನೇ ಯಂತ್ರಕ್ಕೆ ತೋರಿಸಲು ಹೇಳಿ. "ಹೊಸ ಮಾಲು, ಗೀರು ಬೀಳುತ್ತೆ ಅಕ್ಕಾ" ಎಂದರೆ ಅದೂ ನ್ಯಾಯವೇ. ಹಾಗಿದ್ದರೆ ಹಾಲ್‌ಮಾರ್ಕ್ ಇರುವುದನ್ನು ಕೇಳಿ, ಅರ ಹಾಕಿಸುವ ಪ್ರಮೇಯವೇ ಬರುವುದಿಲ್ಲ.

ಯಂತ್ರದಲ್ಲಿ ಒಂದೇ ಕಡೆ ನೋಡಿಸಿದರೆ ಸಾಲದು. ಸರಪಳಿಯ ಮೈ, ಬೆಸುಗೆ ಬಿದ್ದ ಜಾಗ, ಕೊಂಡಿ, ಈ ಮೂರನ್ನೂ ಬೇರೆ ಬೇರೆ ತೋರಿಸಿ. ಗೆಜ್ಜೆ ಸಾಮಾನಿನ ಟಚ್ ಇಳಿಯುವುದೇ ಬೆಸುಗೆಯಲ್ಲಿ. ಬೆಸುಗೆ ಬೆಳ್ಳಿಗಿಂತ ಮೊದಲು ಕರಗಬೇಕಾದ್ದರಿಂದ ಅದಕ್ಕೆ ತಾಮ್ರ, ಸತು ಬೆರೆಸಿರುತ್ತಾರೆ. ಗೆಜ್ಜೆ ಎಷ್ಟಿದೆಯೋ ಅಷ್ಟು ಬೆಸುಗೆ, ಒಂದೊಂದು ಗುಂಡಿನ ಎರಡು ಹೋಳಿಗೆ ಮತ್ತೊಂದು. ಮೈ ಒಳ್ಳೆಯ ಬೆಳ್ಳಿಯದೇ ಆಗಿದ್ದರೂ ಇಡೀ ಚೈನು ಕರಗಿಸಿದಾಗ ಟಚ್ ಕೆಳಗೆ ಬರುವುದು ಈ ಕಾರಣಕ್ಕೆ. ಸಾದಾ ಸರಪಳಿ, ಕಡಿಮೆ ಗೆಜ್ಜೆ ಇದ್ದಷ್ಟೂ ದುಡ್ಡಿಗೂ ಲಾಭ, ಬಾಳಿಕೆಗೂ ಲಾಭ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಒಂದಿದೆ, ನೀರಿನದು. ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಪುಟ್ಟ ತಕ್ಕಡಿ ಬೇಕು. ಮೊದಲು ಕಾಲುಂಗುರವನ್ನು ಒಣಗಿದ್ದಾಗ ತೂಗಿ. 8.30 ಗ್ರಾಂ ಬಂತೆನ್ನಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಕಾಲುಂಗುರವನ್ನು ತೆಳು ದಾರಕ್ಕೆ ಕಟ್ಟಿ ನೀರಿನೊಳಗೆ ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕೂ ಗೋಡೆಗೂ ತಾಗಬಾರದು, ಗಾಳಿಗುಳ್ಳೆ ಅಂಟಿಕೊಂಡಿರಬಾರದು. ಈಗ ತಕ್ಕಡಿ 0.80 ತೋರಿಸಿದರೆ, 8.30 ಅನ್ನು 0.80 ರಿಂದ ಭಾಗಿಸಿ: 10.4 ರ ಹತ್ತಿರ ಬರುತ್ತದೆ. 925 ಬೆಳ್ಳಿಯ ಸಾಂದ್ರತೆಯೂ ಸುಮಾರು ಅಷ್ಟೇ. 0.95 ತೋರಿಸಿದರೆ ಉತ್ತರ 8.7, ಅಂದರೆ ಅದು ಜರ್ಮನ್ ಸಿಲ್ವರ್ ಅಥವಾ ಲೇಪ ಕೊಟ್ಟ ತಾಮ್ರದ ಜಾತಿ. ಜರ್ಮನ್ ಸಿಲ್ವರಿನಲ್ಲಿ ಬೆಳ್ಳಿಯೇ ಇರುವುದಿಲ್ಲ. ತಾಮ್ರ, ನಿಕಲ್, ಸತು ಅಷ್ಟೇ, ಮತ್ತು ನಿಕಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ.

ಈ ಪರೀಕ್ಷೆಯ ಮಿತಿಯೂ ಗೊತ್ತಿರಲಿ. 80 ಟಚ್ ಬೆಳ್ಳಿಯ ಸಾಂದ್ರತೆ 10.1ರ ಆಸುಪಾಸು. ಇದೇ ಕಾಲುಂಗುರ 80 ಟಚ್ ಆಗಿದ್ದರೆ ತಕ್ಕಡಿ 0.80 ರ ಬದಲು 0.82 ತೋರಿಸುತ್ತದೆ. ಅಷ್ಟು ಸಣ್ಣ ವ್ಯತ್ಯಾಸ ದಾರ ಅಲುಗಿದರೂ ಬಂದುಬಿಡುತ್ತದೆ. ಬೆಳ್ಳಿಯೋ ಅಲ್ಲವೋ ಎಂಬುದಕ್ಕೆ ಮಾತ್ರ ಇದು ಉತ್ತರ ಕೊಡುತ್ತದೆ. ಟೊಳ್ಳು ಗೆಜ್ಜೆ, ಅರಗು ತುಂಬಿದ ಕಡಗಕ್ಕೆ ಅದೂ ಇಲ್ಲ.

ಕಾಲುಚೈನಿನ ಕೊಂಡಿ ಮತ್ತು ಬೆಸುಗೆ

ಶುದ್ಧತೆ ತಿಳಿದ ಮೇಲೆ ಚೈನನ್ನು ಬೆಳಕಿಗೆ ಹಿಡಿದು ಒಂದೊಂದೇ ಕೊಂಡಿಯನ್ನು ನೋಡಬೇಕು. ಎರಡು ಬಗೆಯ ಕೊಂಡಿ ಇರುತ್ತದೆ. ಒಂದು, ತಂತಿಯನ್ನು ಬಗ್ಗಿಸಿ ತುದಿಗೆ ತುದಿ ತಾಗಿಸಿ ಹಾಗೇ ಬಿಟ್ಟದ್ದು. ಇನ್ನೊಂದು, ತುದಿ ಸೇರುವಲ್ಲಿ ಬೆಸುಗೆ ಹಾಕಿದ್ದು. ಮೊದಲನೆಯದು ಸೀರೆಯ ಅಂಚಿಗೋ ಚಾಪೆಗೋ ಸಿಕ್ಕಿ ಎಳೆದಾಗ ಬಾಯಿ ಬಿಡುತ್ತದೆ. ಕಣ್ಣಿಗೆ ತಿಳಿಯದಿದ್ದರೆ ಒಂದು ಹೊಲಿಗೆ ದಾರವನ್ನು ಕೊಂಡಿಯ ಸುತ್ತ ಎಳೆಯಿರಿ. ಸೀಳು ಇರುವಲ್ಲಿ ದಾರ ಸಿಕ್ಕಿಕೊಳ್ಳುತ್ತದೆ. ದಾರ ಸಿಕ್ಕಿದರೆ ಆ ಕೊಂಡಿಗೆ ಬೆಸುಗೆ ಹಾಕಿಸಿಯೇ ಹಣ ಕೊಡಿ.

ಬೆಸುಗೆಯ ಬಣ್ಣವೂ ಮಾತಾಡುತ್ತದೆ. ಬೆಳ್ಳಿ ಬೆಸುಗೆ ಮೈಯ ಬಣ್ಣಕ್ಕೆ ಹತ್ತಿರವಿದ್ದು ತೆಳ್ಳಗೆ ಹರಡಿರುತ್ತದೆ. ಹಳದಿ ಛಾಯೆ ಇದ್ದರೆ ಹಿತ್ತಾಳೆ ಹೆಚ್ಚು. ಬೂದು ಬಣ್ಣದ ಉಂಡೆಯಾಗಿ ನಿಂತು ಉಗುರಿಗೆ, ಗುಂಡುಸೂಜಿಗೆ ಗೀರು ಬಿದ್ದರೆ ಅದು ಸೀಸ ತವರದ ಬೆಸುಗೆ. ಅದನ್ನು ಬಿಟ್ಟುಬಿಡಿ. ಮುಂದೆ ಯಾವತ್ತಾದರೂ ರಿಪೇರಿಗೆಂದು ಆಚಾರ್ರು ಅದಕ್ಕೆ ಬೆಂಕಿ ಹಿಡಿದಾಗ ಸೀಸ ಬೆಳ್ಳಿಯೊಳಕ್ಕೆ ಇಳಿದು ಆ ಜಾಗವನ್ನೇ ತಿಂದುಹಾಕುತ್ತದೆ.

ಇನ್ನು ತುದಿಯ ಕೊಂಡಿ. ಇಂಗ್ಲಿಷಿನ ಎಸ್ ಅಕ್ಷರದ ಹಾಗಿರುವ ಕೊಕ್ಕೆ ಹಾಕಲು ತೆಗೆಯಲು ಸುಲಭ. ಆದರೆ ಪ್ರತಿ ಸಲ ಬಗ್ಗಿಸಿದಾಗ ಬೆಳ್ಳಿ ಬಿರುಸಾಗುತ್ತದೆ, ಕೊನೆಗೆ ಒಂದು ದಿನ ಪಟಕ್ಕನೆ ಮುರಿಯುತ್ತದೆ. ತಿರುಪಿನದು ಬಿಗಿಯಾಗಿ ನಿಲ್ಲುತ್ತದೆ, ಆದರೆ ಕೆಸರಿನ ಹರಳು ತಿರುಪಿನೊಳಗೆ ಹೋದರೆ ಸುತ್ತು ಸವೆದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಗದ್ದೆ ತೋಟಕ್ಕೆ ಇಳಿಯುವವರಿಗೆ ದಪ್ಪ ತಂತಿಯ ಎಸ್ ಕೊಕ್ಕೆಯೇ ವಾಸಿ, ಕೊಕ್ಕೆಯ ತಂತಿ 1.5 ಮಿಲಿಮೀಟರಿಗೆ ಕಡಿಮೆ ಇರಬಾರದು. ಸರಪಳಿಯ ತಂತಿ ಕನಿಷ್ಠ 1 ಮಿಲಿಮೀಟರ್ ಇರಲಿ. ಪಟ್ಟಣದಲ್ಲಿ ಚಪ್ಪಲಿ ಹಾಕಿ ಓಡಾಡುವವರಿಗೆ ತಿರುಪು ಚೆನ್ನಾಗಿಯೇ ಬಾಳುತ್ತದೆ.

ಅಳತೆ ತೆಗೆಯುವುದು ಸಂಜೆ, ನಿಂತುಕೊಂಡು. ಬೆಳಿಗ್ಗೆಗಿಂತ ಸಂಜೆ ಕಾಲು ಸ್ವಲ್ಪ ದಪ್ಪ ಇರುತ್ತದೆ. ಕಾಲ್ಗಂಟಿನ ಮೇಲೆ ದಾರ ಸುತ್ತಿ ಅಳೆದು, ಅದಕ್ಕೆ ಮುಕ್ಕಾಲು ಇಂಚು ಸೇರಿಸಿ. ದಾರ 9.25 ಇಂಚು ಬಂದರೆ 10 ಇಂಚಿನ ಚೈನು. ಇದಕ್ಕಿಂತ ಸಡಿಲವಾದರೆ ಹಿಮ್ಮಡಿಗೆ ಇಳಿದು ಚಪ್ಪಲಿಯ ಪಟ್ಟಿಗೆ ಸಿಕ್ಕುತ್ತದೆ, ಬಿಗಿಯಾದರೆ ಎಲ್ಲ ಎಳೆತವೂ ಕೊಂಡಿಯ ಮೇಲೆ.

ಕಾಲುಂಗುರದ ಅಡಿಭಾಗ

ಕಾಲುಂಗುರವನ್ನು ತಿರುಗಿಸಿ ನೋಡಿ. ನೆಲಕ್ಕೆ ತಾಗುವ ಭಾಗದ ದಪ್ಪವೇ ಅದರ ಆಯುಸ್ಸು. ಮೇಲೆ ದೊಡ್ಡ ಹೂವು, ಕೆಳಗೆ ಅರ್ಧ ಮಿಲಿಮೀಟರಿನ ತಗಡು ಇರುವ ಕಾಲುಂಗುರಗಳೇ ಪೇಟೆಯಲ್ಲಿ ಜಾಸ್ತಿ. ಬರಿಗಾಲಲ್ಲಿ ಸಿಮೆಂಟು ನೆಲ, ಜಂಬಿಟ್ಟಿಗೆ ಅಂಗಳದಲ್ಲಿ ಓಡಾಡಿದರೆ ಆ ತಗಡು ಚೂಪಾಗಿ ಬೆರಳು ಕೊಯ್ಯುತ್ತದೆ, ಆಮೇಲೆ ಮುರಿಯುತ್ತದೆ. ಅಡಿಭಾಗ 3 ಮಿಲಿಮೀಟರ್ ಅಗಲ, 1.5 ಮಿಲಿಮೀಟರ್ ದಪ್ಪ ಇರುವ ಸಾದಾ ಕಾಲುಂಗುರ ಜೊತೆಗೆ ಸುಮಾರು 5 ಗ್ರಾಂ ತೂಗುತ್ತದೆ. ಜೊತೆಗೆ 3 ಗ್ರಾಮಿಗಿಂತ ಕಡಿಮೆ ಇದ್ದು ಮೇಲೆ ಹೂವೂ ಇದ್ದರೆ, ಅಡಿಭಾಗಕ್ಕೆ ಉಳಿದಿರುವುದು ತಗಡೇ ಎಂದು ಅಂಗಡಿಯಲ್ಲೇ ಹೇಳಬಹುದು.

ಸಂದು ಬಿಟ್ಟ ಉಂಗುರ ಬೇಕೋ, ಪೂರ್ತಿ ಕೂಡಿದ್ದೋ? ಸಂದು ಇರುವುದೇ ಒಳ್ಳೆಯದು. ಬಸುರಿನಲ್ಲಿ, ಜ್ವರದಲ್ಲಿ ಬೆರಳು ಊದಿದಾಗ ತೆಗೆಯಲು ಬರುತ್ತದೆ. ಆದರೆ ತುದಿಗಳು ದುಂಡಗಿರಬೇಕು, ಪಕ್ಕದ ಬೆರಳಿಗೆ ಚುಚ್ಚಬಾರದು. ಒಂದು ಸಲ ಅಳತೆಗೆ ಬಗ್ಗಿಸಿದ ಮೇಲೆ ದಿನಾ ಹಿಗ್ಗಿಸಿ ಕುಗ್ಗಿಸಬಾರದು. ಬಗ್ಗಿಸಿ ಬಗ್ಗಿಸಿ ಬಿರುಸಾದದ್ದನ್ನು ಆಚಾರ್ರು ಮಂದ ಕೆಂಪಗೆ ಕಾಯಿಸಿ ಆರಿಸಿಕೊಟ್ಟರೆ ಮತ್ತೆ ಮೆತ್ತಗಾಗುತ್ತದೆ. ಅಷ್ಟಕ್ಕೆ ಹೊಸದು ಕೊಳ್ಳುವ ಅಗತ್ಯವಿಲ್ಲ.

ಮೂರು ಸುತ್ತಿನ ಕಾಲುಂಗುರ ನೋಡಲು ಲಕ್ಷಣ, ಆದರೆ ಮಳೆಗಾಲದಲ್ಲಿ ಸುತ್ತಿನ ನಡುವೆ ಕೆಸರು, ಸೋಪು ನಿಂತು ಬೆರಳ ಸಂದಿ ಬೆಳ್ಳಗೆ ಮೆತ್ತಗಾಗಿ ಸೀಳುತ್ತದೆ. ಕೆಲಸದ ಕಾಲಿಗೆ ಒಂದು ಸುತ್ತು, ಒಳಮೈ ದುಂಡಗೆ ನುಣುಪು ಮಾಡಿದ್ದು. ಮೂರು ಸುತ್ತಿನದು ಮದುವೆ ಮನೆಗೆ ಇರಲಿ. ರೋಡಿಯಂ ಪಾಲಿಷ್ ಇದ್ದದ್ದಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಕಾಲಿನ ಒಡವೆಯಲ್ಲಿ, ಅದರಲ್ಲೂ ನೆಲಕ್ಕೆ ತಾಗುವ ಕಡೆ, ಅದು ಬೇಗ ಸವೆದು ಪಟ್ಟೆಪಟ್ಟೆಯಾಗಿ ಕಾಣುತ್ತದೆ.

ಎರಡು ಬಿಲ್, ಒಂದು ಲೆಕ್ಕ

ಲೆಕ್ಕ ಸುಲಭವಾಗಲೆಂದು ಅಪ್ಪಟ ಬೆಳ್ಳಿ ಗ್ರಾಮಿಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. ನಿಜವಾದ ದರವನ್ನು ಆ ದಿನದ್ದು ಹಾಕಿಕೊಂಡರಾಯಿತು.

ಮೊದಲ ಜೊತೆ, ಹಾಲ್‌ಮಾರ್ಕ್ ಇಲ್ಲದ ಗೆಜ್ಜೆ ಚೈನು, 80 ಗ್ರಾಂ, ಕರಗಿಸಿದರೆ 70 ಟಚ್. ಅಂಗಡಿಯವರು ತೂಕಕ್ಕೆಲ್ಲ ಪೂರ್ತಿ ದರ ಹಾಕಿದರು: 8,000. ಕೂಲಿ ಗ್ರಾಮಿಗೆ 10ರಂತೆ 800. ಒಟ್ಟು 8,800ಕ್ಕೆ ಶೇ 3 ಜಿಎಸ್‌ಟಿ 264. ಕೊಟ್ಟದ್ದು 9,064 ರೂಪಾಯಿ. ಒಳಗಿರುವ ಬೆಳ್ಳಿ 56 ಗ್ರಾಂ, ಬೆಲೆ 5,600.

ಎರಡನೆಯದು, 925 ಹಾಲ್‌ಮಾರ್ಕಿನ ಸಾದಾ ಸರಪಳಿ, 60 ಗ್ರಾಂ. ಬೆಳ್ಳಿಗೆ 6,000, ಕೂಲಿ ಗ್ರಾಮಿಗೆ 25ರಂತೆ 1,500, ಜಿಎಸ್‌ಟಿ 225. ಕೊಟ್ಟದ್ದು 7,725. ಒಳಗಿರುವ ಬೆಳ್ಳಿ 55.5 ಗ್ರಾಂ, ಬೆಲೆ 5,550.

ಕೂಲಿ ಎರಡೂವರೆ ಪಟ್ಟು ಕೇಳಿದರು ಎಂದು ಎರಡನೆಯದನ್ನು ಬಿಟ್ಟು ಬರುವವರೇ ಹೆಚ್ಚು. ಆದರೆ ಎರಡರಲ್ಲೂ ಬೆಳ್ಳಿ ಹತ್ತಿರ ಹತ್ತಿರ ಒಂದೇ, ಮೊದಲನೆಯದಕ್ಕೆ 1,339 ರೂಪಾಯಿ ಹೆಚ್ಚು ಹೋಗಿದೆ. ಕಡಿಮೆ ಕೂಲಿಯ ಆಸೆ ತೋರಿಸಿ ತಾಮ್ರ ಸತುವಿಗೆ ಬೆಳ್ಳಿಯ ದರ ಹಾಕುವುದು ಹೀಗೆ. ಆದ್ದರಿಂದ ಕೂಲಿ ಎಷ್ಟು ಎಂದು ಕೇಳುವ ಮೊದಲು, "ಶೆಟ್ರೇ, ಇದನ್ನೇ ನಾಳೆ ವಾಪಸ್ ತಂದರೆ ಎಷ್ಟು ಟಚ್‌ಗೆ ತಗೋತೀರಿ?" ಎಂದು ಕೇಳಿ. ಅವರು ಹೇಳುವ ಅಂಕಿಯೇ ಸಾಮಾನಿನ ನಿಜವಾದ ಶುದ್ಧತೆಗೆ ಹತ್ತಿರ ಇರುತ್ತದೆ. ಅದನ್ನು ಬಿಲ್ಲಿನಲ್ಲಿ ಬರೆಸಿ. ಒಟ್ಟು ತೂಕ, ಕಲ್ಲು, ಮಣಿ, ಮೀನಾ ಬಣ್ಣ ಕಳೆದ ನಿವ್ವಳ ತೂಕ, ದರ್ಜೆ, ಎಚ್‌ಯುಐಡಿ, ಕೂಲಿ ಬೇರೆ ಬೇರೆಯಾಗಿ ಇರಬೇಕು. ಬಣ್ಣದ ಮಣಿಗೂ ಬೆಳ್ಳಿಯ ದರ ಬೀಳುವುದು ಒಟ್ಟು ತೂಕವನ್ನೊಂದೇ ಬರೆದಾಗ.

ಕಪ್ಪಾದಾಗ

ಕಪ್ಪಾಗುವುದು ಕಳಪೆಯ ಗುರುತಲ್ಲ. ಗಾಳಿ, ಬೆವರಿನಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಸೇರಿ ಕಪ್ಪು ಪದರವಾಗುತ್ತದೆ. ತೇವ ಇದ್ದಲ್ಲಿ ಬೇಗ, ಹಾಗಾಗಿ ಆಗುಂಬೆ, ಹೊಸನಗರದ ಕಡೆ ಇನ್ನೂ ಬೇಗ. ಬಚ್ಚಲು ತೊಳೆಯುವ ಬ್ಲೀಚಿಂಗ್ ಪುಡಿ ಮಾತ್ರ ಬೇರೆ ಬಗೆಯದು, ಕ್ಲೋರಿನ್ ಬೆಳ್ಳಿಯನ್ನೇ ಹಿಡಿದು ಕಲೆ ಮಾಡುತ್ತದೆ. ಆ ಕೆಲಸದ ನಂತರ ಕಾಲನ್ನು ಚೆನ್ನಾಗಿ ತೊಳೆದುಕೊಳ್ಳಿ.

ವಾರಕ್ಕೊಮ್ಮೆ ಸೋಪು ನೀರು, ಮೆತ್ತನೆ ಹಲ್ಲುಜ್ಜುವ ಬ್ರಶ್ ಸಾಕು. ಕೊಂಡಿಗಳ ನಡುವಿನ ಮಣ್ಣು ಹೋಗಬೇಕು, ಮುಖ್ಯ ಅದೇ. ತೀರಾ ಕಪ್ಪಾದರೆ ಪಾತ್ರೆಯ ತಳಕ್ಕೆ ಅಲ್ಯುಮಿನಿಯಂ ಹಾಳೆ ಹಾಸಿ, ಒಂದು ಲೀಟರ್ ಕುದಿನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ, ಚೈನು ಹಾಳೆಗೆ ತಾಗುವಂತೆ ಕೆಲವು ನಿಮಿಷ ಬಿಡಿ. ಕಪ್ಪು ಪದರದಲ್ಲಿದ್ದ ಬೆಳ್ಳಿ ಮತ್ತೆ ಬೆಳ್ಳಿಯೇ ಆಗುತ್ತದೆ, ಉಜ್ಜಿ ಕಳೆದುಕೊಳ್ಳುವುದಿಲ್ಲ. ಕಲ್ಲು, ಅರಗು, ಮೀನಾ ಇರುವುದಕ್ಕೂ, ಬೇಕೆಂದೇ ಕಪ್ಪು ಮಾಡಿದ ಆಕ್ಸಿಡೈಸ್ಡ್ ಬೆಳ್ಳಿಗೂ ಇದು ಬೇಡ. ಪಾತ್ರೆ ತಿಕ್ಕುವ ಪುಡಿ ಮತ್ತು ಟೂತ್‌ಪೇಸ್ಟ್ ಗೀರು ಹಾಕುತ್ತವೆ. ಬಿಚ್ಚಿಡುವುದಾದರೆ ಒಣಗಿಸಿ ಜಿಪ್ ಕವರಿನಲ್ಲಿಡಿ, ರಬ್ಬರ್ ಬ್ಯಾಂಡ್ ಸುತ್ತಬೇಡಿ, ರಬ್ಬರಿನಲ್ಲೂ ಗಂಧಕ ಇದೆ.

ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಕೊಕ್ಕೆಯ ಪಕ್ಕದ ಎರಡು ಮೂರು ಕೊಂಡಿಗಳನ್ನು ಬೆಳಕಿಗೆ ಹಿಡಿದು ನೋಡಿ. ಎಳೆತ ಬೀಳುವುದು ಅಲ್ಲೇ, ಸವೆಯುವುದೂ ಅಲ್ಲೇ ಮೊದಲು. ತಂತಿಯ ದಪ್ಪ ಅರ್ಧಕ್ಕೆ ಇಳಿದಿದ್ದರೆ ಅಷ್ಟನ್ನು ಮಾತ್ರ ಬದಲಾಯಿಸಿಕೊಡಲು ಹೇಳಿ, ಬೆಳ್ಳಿ ಬೆಸುಗೆಯಲ್ಲೇ ಹಾಕಿ ಎಂದು ಬಾಯಿಬಿಟ್ಟು ಹೇಳಿ, ಕೊಡುವಾಗಲೂ ವಾಪಸ್ ತೆಗೆದುಕೊಳ್ಳುವಾಗಲೂ ತೂಗಿಸಿ.